ಮಂಗಳೂರಿಂದ ಬೆಂಗ್ಳೂರಿನ 14ನೇ ಮಹಡಿಗೆ ಮನೆ ಶಿಫ್ಟ್: ಲೆಕ್ಕ ಲಿಫ್ಟ್‌ನಿಂದ ಶುರು ಮಾಡಿ

ಮನೆ ಶಿಫ್ಟ್ ಅಂದ ತಕ್ಷಣ ಎಲ್ರೂ ಮೊದ್ಲು ಮಾಡೋದು ಪ್ಯಾಕರ್ಸ್‌ಗೆ ಫೋನು. ನಾವೂ ಅದನ್ನೇ ಮಾಡಿದ್ವಿ, ಮೊದಲ ಸಲ ಶಿಫ್ಟ್ ಮಾಡ್ದಾಗ. ಲಾರಿ ಬಂದಿದ್ದು ಮಧ್ಯಾಹ್ನ ಮೂರೂವರೆಗೆ, ಅಪಾರ್ಟ್‌ಮೆಂಟ್‌ನವ್ರು ಸರ್ವಿಸ್ ಲಿಫ್ಟ್ ಬಂದ್ ಮಾಡಿದ್ದು ಐದಕ್ಕೆ, ಫ್ರಿಜ್ಜು ಮಂಚ ಬೀರು ಎಲ್ಲಾ ಒಂದು ರಾತ್ರಿ ಕೆಳಗೆ ಲಾಬಿಯಲ್ಲಿ, ನಾವು ಮೇಲೆ ಚಾಪೆ ಹಾಸ್ಕೊಂಡು, ನಮ್ಮತ್ತೆ ಅಂತೂ ಅರ್ಧ ಗಂಟೆಗೊಂದ್ಸಲ ಕೆಳಗಿಳಿದು ಸಾಮಾನು ಇದ್ಯಾ ಅಂತ ನೋಡ್ಕೊಂಡು ಬರೋರು. ಹೋದ ವರ್ಷ ಮೇ ಕೊನೇಲಿ ಮಂಗಳೂರಿಂದ ವಾಪಸ್ ಬೆಂಗ್ಳೂರಿಗೆ ಬರುವಾಗ ಲೆಕ್ಕಾನ ಉಲ್ಟಾ ಹಾಕಿದ್ವಿ. ಮೊದ್ಲು ಹೊಸ ಮನೆಯ ಲಿಫ್ಟು, ಅದಾದ್ಮೇಲೆ ಲಾರಿ ಹೊರಡೋ ಟೈಮು, ಕೊನೇಲಿ ಪ್ಯಾಕರ್ಸು. ಅದೇ ಕ್ರಮದಲ್ಲಿ ಹೇಳ್ತೀನಿ.

ಮೊದ್ಲು ಟೇಪ್ ಹಿಡ್ಕೊಂಡು ಹೊಸ ಅಪಾರ್ಟ್‌ಮೆಂಟ್‌ಗೆ ಹೋಗಿ

ಮನೆ ಫೈನಲ್ ಆದ ದಿನಾನೇ, ಅಥವಾ ಅಡ್ವಾನ್ಸ್ ಕೊಡೋಕೆ ಹೋದಾಗ್ಲೇ, ಸರ್ವಿಸ್ ಲಿಫ್ಟ್‌ನ ಬಾಗಿಲ ಅಗಲ, ಬಾಗಿಲ ಎತ್ತರ, ಒಳಗಿನ ಆಳ ಅಳೀರಿ. ಒಳಗೆ ಎಷ್ಟೇ ಎತ್ತರ ಇದ್ರೂ ಬಾಗಿಲು ದಾಟದೇ ಇರೋ ಸಾಮಾನು ಲಿಫ್ಟ್‌ಗೆ ಹೋಗಲ್ಲ, ಇದನ್ನ ತುಂಬಾ ಜನ ಮರೀತಾರೆ. ನಮ್ಮ ಲಿಫ್ಟ್‌ನ ಬಾಗಿಲು 80 ಸೆಂಟಿಮೀಟರ್ ಅಗಲ, 200 ಎತ್ತರ, ಒಳಗೆ ಆಳ 140. ಮಂಗಳೂರಿಗೆ ವಾಪಸ್ ಹೋಗಿ ಮನೇಲಿದ್ದ ದೊಡ್ಡ ಸಾಮಾನು ಒಂದೊಂದೇ ಅಳೆದ್ವಿ.

ಮೂರು ಸೀಟಿನ ಸೋಫಾ ಏಳಡಿ, ಅಂದ್ರೆ 213 ಸೆಂಟಿಮೀಟರ್. ಮಲಗಿಸಿದ್ರೆ ಆಳ ಸಾಲಲ್ಲ, ನಿಲ್ಸಿದ್ರೆ ಬಾಗಿಲು ಸಾಲಲ್ಲ, ಓರೆ ಮಾಡೋಣ ಅಂದ್ರೆ ಅದರ ದಪ್ಪಾನೇ 85. 14 ಮಹಡಿ ಮೆಟ್ಟಿಲಲ್ಲಿ ಹೊರಿಸೋದಾ ಅಂದ್ರೆ ಪ್ರತಿ ತಿರುವಲ್ಲೂ ಗೋಡೆಗೆ ಉಜ್ಜುತ್ತೆ, ಮೇಲಾಗಿ ಆ ದುಡ್ಡಲ್ಲಿ ಹೊಸ ಸೋಫಾದ ಅರ್ಧ ಬೆಲೆ ಹುಟ್ಟುತ್ತೆ. ಮಂಗಳೂರಲ್ಲೇ ಮಾರಿದ್ವಿ. ಬಾಲ್ಕನಿಯಿಂದ ಹಗ್ಗ ಕಟ್ಟಿ ಎಳೀತೀವಿ ಅಂತ ಯಾರಾದ್ರೂ ಅಂದ್ರೆ ನಂಬ್ಬೇಡಿ, ಎರಡನೇ ಮಹಡಿಗೆ ಸರಿ, ಹದಿನಾಲ್ಕಕ್ಕೆ ಯಾವ ಅಸೋಸಿಯೇಶನ್ನೂ ಬಿಡಲ್ಲ.

ಕಬ್ಬಿಣದ ಬೀರು ಎತ್ತರ 198. ಬಾಗಿಲು 200. ಎರಡು ಸೆಂಟಿಮೀಟರ್ ಗ್ಯಾಪು! ಇಲ್ಲೊಂದು ಸೂಕ್ಷ್ಮ ಇದೆ, ಹಮಾಲಿಗಳು ಬೀರುನ ಚಕ್ರದ ಟ್ರಾಲಿ ಮೇಲೆ ನಿಲ್ಸಿ ತಳ್ಕೊಂಡು ಬರ್ತಾರೆ, ಟ್ರಾಲಿ ಸೇರಿದ್ರೆ ಎತ್ತರ 210 ದಾಟುತ್ತೆ, ಲಿಫ್ಟ್ ಬಾಗಿಲಿನ ಮೇಲ್ಗಡೆ ಪಟ್ಟಿಗೆ ಡಬ್ ಅಂತ ಬಡಿಯುತ್ತೆ. ಆ ಪಟ್ಟಿ ಬಗ್ಗಿದ್ರೆ ನಿಮ್ಮ ಡೆಪಾಸಿಟ್ ಹೋಯ್ತು ಅಂತ ಲೆಕ್ಕ. ಹಾಗಾಗಿ ಲಿಫ್ಟ್ ಹತ್ರ ಟ್ರಾಲಿ ತೆಗೆಸಿ, ಮೇಲಿನ ಥರ್ಮಾಕೋಲ್ ಬಿಚ್ಚಿಸಿ, ಕಂಬಳಿ ಮೇಲೆ ಜಾರಿಸಿ ಒಳಗೆ ಹಾಕಿಸಿದ್ವಿ. ಫೋಮ್ ಹಾಸಿಗೆ ಸ್ವಲ್ಪ ಬಗ್ಗಿಸಿದ್ರೆ ಹೋಗುತ್ತೆ, ಸ್ಪ್ರಿಂಗ್ ಹಾಸಿಗೆ ಬಗ್ಗಲ್ಲ, ಅದನ್ನ ಬೇರೆಯಾಗೇ ಅಳೀಬೇಕು.

ಟೇಪ್ ಮಡಚೋ ಮುಂಚೆ ಇನ್ನೆರಡು ನೋಡ್ಕೊಳ್ಳಿ. ಲಾರಿ ಎಲ್ಲಿ ನಿಲ್ಲುತ್ತೆ? ಬೇಸ್‌ಮೆಂಟ್‌ಗೆ ಲಾರಿ ಇಳಿಯಲ್ಲ, ಹೊರಗೆ ನಿಂತ್ರೆ ಅಲ್ಲಿಂದ ಲಿಫ್ಟ್‌ವರೆಗೆ ಎಷ್ಟು ದೂರ ಅಂತ ಹೆಜ್ಜೆ ಎಣಿಸಿ. ನಮ್ದು ತೊಂಬತ್ತು ಹೆಜ್ಜೆ. ಈ ನಂಬರ್ ಆಮೇಲೆ ಕೊಟೇಶನ್‌ನಲ್ಲಿ ಬೇಕಾಗುತ್ತೆ, ಇಲ್ದಿದ್ರೆ ಅವತ್ತು ಬಂದು 'ಸಾರ್ ದೂರ ಇದೆ, ಎಕ್ಸ್‌ಟ್ರಾ ಆಗುತ್ತೆ' ಅಂತಾರೆ. ಎರಡನೇದು ಅಸೋಸಿಯೇಶನ್ ಆಫೀಸು. ಮೂವ್ ಇನ್ ಯಾವ ದಿನ ಯಾವ ಟೈಮ್ ಬಿಡ್ತಾರೆ, ಭಾನುವಾರ ಉಂಟಾ ಇಲ್ವಾ, ಫೀಸ್ ಎಷ್ಟು, ವಾಪಸ್ ಬರೋ ಡೆಪಾಸಿಟ್ ಎಷ್ಟು, ಮನೆ ಓನರ್‌ದು ಎನ್‌ಓಸಿ ಬೇಕಾ, ಬಾಡಿಗೆ ಅಗ್ರಿಮೆಂಟ್ ಕಾಪಿ ಬೇಕಾ, ಲಿಫ್ಟ್‌ಗೆ ಪ್ಯಾಡಿಂಗ್ ಅವ್ರೇ ಹಾಕ್ತಾರಾ. ಎಲ್ಲಾ ಮೆಸೇಜ್‌ನಲ್ಲೇ ತರಿಸ್ಕೊಳ್ಳಿ, ಯಾಕಂದ್ರೆ ಗೇಟಲ್ಲಿರೋ ಸೆಕ್ಯೂರಿಟಿ ಅಣ್ಣ ಬಾಯಿಮಾತು ಕೇಳಲ್ಲ, ಅವನ ಫೋನಲ್ಲಿ ಪಾಸ್ ಬಂದಿದ್ರೆ ಮಾತ್ರ ಬಿಡ್ತಾನೆ. ಅವನ ತಪ್ಪೂ ಅಲ್ಲ ಅದು.

ಈಗ ಹಿಂದಕ್ಕೆ ಲೆಕ್ಕ

ನಮ್ಮ ಅಪಾರ್ಟ್‌ಮೆಂಟ್‌ನಲ್ಲಿ ಶಿಫ್ಟಿಂಗ್‌ಗೆ ಲಿಫ್ಟ್ ಕೊಡೋದು ಬೆಳಿಗ್ಗೆ 10ರಿಂದ ಸಂಜೆ 5. ನಮ್ಮ ಎರಡು ಬೆಡ್‌ರೂಮ್ ಮನೆ ಸಾಮಾನು 62 ಡಬ್ಬ, ಪ್ಲಸ್ 24 ದೊಡ್ಡ ಐಟಂ. ಒಂದು ಟ್ರಿಪ್‌ಗೆ ಆರೇಳು ಡಬ್ಬ ಅಂದ್ರೆ ಡಬ್ಬಕ್ಕೆ 10 ಟ್ರಿಪ್ಪು. ದೊಡ್ಡ ಸಾಮಾನಲ್ಲಿ ಫ್ರಿಜ್ ಒಂದೇ ಒಂದು ಟ್ರಿಪ್, ಬೀರು ಒಂದು, ಮಂಚದ ಹಲಗೆಗಳು ಒಟ್ಟಿಗೆ ಒಂದು, ಹೀಗೆ 16. ಒಟ್ಟು 26 ಟ್ರಿಪ್ಪು. ಒಳಗೆ ಜೋಡಿಸೋದು, ಮೇಲೆ ಹೋಗೋದು, ಖಾಲಿ ಮಾಡೋದು, ವಾಪಸ್ ಬರೋದು ಸೇರಿ ಒಂದಕ್ಕೆ ಹತ್ತು ನಿಮಿಷ ಹಿಡಿದ್ರೆ 260 ನಿಮಿಷ, ಊಟ ಸೇರಿದ್ರೆ ಐದು ಗಂಟೆ. ಅಂದ್ರೆ ಲಾರಿ ಹನ್ನೊಂದರೊಳಗೆ ಗೇಟಲ್ಲಿ ಇರ್ಬೇಕು, ಒಂದು ಗಂಟೆ ಕೈಯಲ್ಲಿ ಇರುತ್ತೆ. ಮೊದಲ ಸಲ ಮೂರೂವರೆಗೆ ಬಂದಿದ್ದಕ್ಕೆ ಲಾಬಿಯಲ್ಲಿ ಸಾಮಾನು ಮಲಗಿದ್ದು ಯಾಕೆ ಅಂತ ಈ ಲೆಕ್ಕ ಹಾಕಿದ್ಮೇಲೆ ಅರ್ಥ ಆಯ್ತು, ಯಾರಿಗೂ ಬೈಯೋ ಹಾಗಿಲ್ಲ, ಒಂಬತ್ತು ಟ್ರಿಪ್‌ಗಿಂತ ಜಾಸ್ತಿ ಆಗೋದೇ ಇಲ್ಲ ಅಷ್ಟ್ರಲ್ಲಿ.

ಮಂಗಳೂರು ಬೆಂಗ್ಳೂರು ಸುಮಾರು 350 ಕಿಲೋಮೀಟರ್, ಲೋಡ್ ಇರೋ ಲಾರಿಗೆ ಶಿರಾಡಿ ಘಾಟಿ ಹತ್ತಿ ಸಕಲೇಶಪುರ, ಹಾಸನ, ಕುಣಿಗಲ್, ನೆಲಮಂಗಲ ಅಂತ ಬರೋಕೆ ಹತ್ತು ಗಂಟೆ ಆದ್ರೂ ಬೇಕು. ಇದರ ಮೇಲೆ ಬೆಂಗ್ಳೂರಲ್ಲಿ ಬೆಳಿಗ್ಗೆ ಪೀಕ್ ಅವರ್‌ನಲ್ಲಿ ದೊಡ್ಡ ಗೂಡ್ಸ್ ಗಾಡಿಗಳನ್ನ ಬಿಡಲ್ಲ, ಏಳೂವರೆಗೆ ನೆಲಮಂಗಲಕ್ಕೆ ಬಂದ್ರೂ ಅಲ್ಲೇ ಟೀ ಕುಡೀತಾ ನಿಂತಿರ್ತಾರೆ. ಹಾಗಾಗಿ ರಾತ್ರಿ ಎಂಟಕ್ಕೆ ಮಂಗಳೂರು ಬಿಟ್ಟು, ಪೀಕ್ ಶುರು ಆಗೋ ಮುಂಚೆನೇ ಸಿಟಿ ಒಳಗೆ ಬಂದು ಅಪಾರ್ಟ್‌ಮೆಂಟ್ ಹತ್ರ ಎಲ್ಲಾದ್ರೂ ನಿಲ್ಲಿಸ್ಕೊಳ್ಬೇಕು ಅಂತ ಡ್ರೈವರ್ ಜೊತೆನೇ ಮಾತಾಡಿದ್ವಿ. ಎಂಟಕ್ಕೆ ಬಿಡ್ಬೇಕು ಅಂದ್ರೆ ಪ್ಯಾಕಿಂಗ್ ಬೆಳಿಗ್ಗೆ ಒಂಬತ್ತಕ್ಕೆ ಶುರು ಆಗ್ಬೇಕು. ಬುಧವಾರ ಪ್ಯಾಕಿಂಗ್, ಗುರುವಾರ ಇಳಿಸೋದು. ಶುಕ್ರವಾರ ರಾತ್ರಿ ಲೋಡ್ ಮಾಡ್ಬೇಡಿ, ಶನಿವಾರ ಲಾರಿ ಲೇಟಾದ್ರೆ ಭಾನುವಾರ ಲಿಫ್ಟ್ ಇಲ್ಲ, ಸೋಮವಾರದವರೆಗೆ ಲಾರಿ ನಿಂತ್ರೆ ಹಾಲ್ಟಿಂಗ್ ಚಾರ್ಜ್ ನಿಮ್ಮ ತಲೆ ಮೇಲೆ.

ಸ್ಕೂಲ್ ಶುರು ಆಗೋದಕ್ಕೆ ಅಂತ ಎಲ್ರೂ ಮೇ ಕೊನೆ, ಜೂನ್ ಮೊದಲ ವಾರದಲ್ಲೇ ಶಿಫ್ಟ್ ಮಾಡ್ತಾರೆ, ಕರಾವಳಿಯಲ್ಲಿ ಮಳೆ ಹಿಡಿಯೋದೂ ಅದೇ ಟೈಮು. ಶಿರಾಡಿಯಲ್ಲಿ ಗುಡ್ಡ ಜರಿದು ರಸ್ತೆ ಬಂದ್ ಆದ್ರೆ ಸುತ್ತು ಹಾಕ್ಕೊಂಡು ಬರ್ಬೇಕು. ಆದ್ರಿಂದ ಅಪಾರ್ಟ್‌ಮೆಂಟ್‌ನವ್ರ ಹತ್ರ ಮರುದಿನದ ಸ್ಲಾಟೂ ಕೇಳಿಟ್ಕೊಳ್ಳಿ. ಹಾಗೇ ಟಾರ್ಪಾಲ್ ಕಟ್ಟಿದ ಲಾರಿ ಬೇಡ, ಪೂರ್ತಿ ಮುಚ್ಚಿದ ಕಂಟೇನರ್ ಬಾಡಿ ಗಾಡಿ ಅಂತಲೇ ಬರೆಸ್ಕೊಳ್ಳಿ.

ಪ್ಯಾಕರ್ಸ್ ಆರಿಸೋದು

ಆನ್‌ಲೈನ್ ಲಿಸ್ಟಿಂಗ್‌ನಲ್ಲಿ ಒಂದ್ಸಲ ನಂಬರ್ ಹಾಕಿದ್ರೆ ಅರ್ಧ ಗಂಟೇಲಿ ಹದಿನೈದು ಫೋನ್ ಬರುತ್ತೆ. ಅದರಲ್ಲಿ ಹೆಚ್ಚಿನವ್ರು ಬ್ರೋಕರ್‌ಗಳು, ಲಾರಿ ಅವ್ರದ್ದಲ್ಲ. ದೊಡ್ಡ ಕಂಪನಿ ಹೆಸರಿಗೆ ಒಂದಕ್ಷರ ಹೆಚ್ಚು ಕಮ್ಮಿ ಮಾಡಿ ಇಟ್ಕೊಂಡಿರೋರು ಬೇರೆ. ಅದಕ್ಕೆ ಮೊದ್ಲು ಜಿಎಸ್‌ಟಿ ನಂಬರ್ ಕೇಳಿ, `services.gst.gov.in` ನಲ್ಲಿ Search Taxpayer ಅಂತ ಇದೆ, ಅಲ್ಲಿ ಹಾಕಿದ್ರೆ ಅಸಲಿ ಹೆಸರು, ರಿಜಿಸ್ಟ್ರೇಶನ್ ಚಾಲ್ತೀಲಿ ಇದ್ಯಾ ಇಲ್ವಾ ಎಲ್ಲಾ ಬರುತ್ತೆ. ನಂಬರ್ 15 ಅಂಕಿ ಅಕ್ಷರದ್ದು, ಕರ್ನಾಟಕದ್ದಾದ್ರೆ 29ರಿಂದ ಶುರು. ಕೊಟೇಶನ್ ಮೇಲಿರೋ ಹೆಸರು, ದುಡ್ಡು ಹಾಕು ಅಂತ ಕೊಟ್ಟ ಬ್ಯಾಂಕ್ ಅಕೌಂಟ್ ಹೆಸರು, ಇಲ್ಲಿ ಬಂದ ಹೆಸರು ಮೂರೂ ಒಂದೇ ಇರ್ಬೇಕು. ಯಾರದ್ದೋ ವೈಯಕ್ತಿಕ ಯುಪಿಐಗೆ ಅಡ್ವಾನ್ಸ್ ಹಾಕು ಅಂದ್ರೆ ಅಲ್ಲೇ ಬಿಡಿ.

ಆಮೇಲೆ ಮೂರು ಜನರ ಹತ್ರ ಕೊಟೇಶನ್ ತಗೊಳ್ಳಿ, ಆದ್ರೆ 'ಟೂ ಬಿಎಚ್‌ಕೆ ಎಷ್ಟು' ಅಂತ ಕೇಳ್ಬೇಡಿ. ಮನೆಗೆ ಬಂದು ನೋಡ್ಲಿ, ಇಲ್ಲಾಂದ್ರೆ ವಿಡಿಯೋ ಕಾಲಲ್ಲಿ ಅಟ್ಟ, ಬಾಲ್ಕನಿ, ಹಿತ್ತಲು ಎಲ್ಲಾ ತೋರಿಸಿ, ಐಟಂ ಲಿಸ್ಟ್ ಹಾಕಿ ಅದಕ್ಕೆ ರೇಟ್ ಕೊಡ್ಲಿ. ನಮಗೆ ಬಂದಿದ್ದು 19, 31, 38 ಸಾವಿರ. 19ರವನು ಏನನ್ನೂ ನೋಡದೇ ಫೋನಲ್ಲೇ ಹೇಳಿದ್ದ. ಇಂಥವ್ರ ಆಟ ಲೋಡ್ ಆದ್ಮೇಲೆ ಶುರು, ಸಾಮಾನು ಲಾರಿ ಒಳಗೆ ಹೋಗಿ ಬೀಗ ಬಿದ್ಮೇಲೆ 'ಲಿಸ್ಟ್‌ಗಿಂತ ಜಾಸ್ತಿ ಇದೆ, ಇನ್ನು ಹನ್ನೆರಡು ಸಾವಿರ ಕೊಡಿ' ಅಂದ್ರೆ ನೀವೇನು ಮಾಡ್ತೀರಾ. 31ರವರನ್ನ ಹಿಡಿದ್ವಿ, ಯಾಕಂದ್ರೆ ನಾನು ಕೇಳಿದ ನಾಲ್ಕಕ್ಕೂ ಅವ್ರು ಬರೆದು ಉತ್ತರ ಕೊಟ್ರು.

ಮೊದಲನೇದು, ಲಾರಿ ನಮಗೊಬ್ರಿಗೇನಾ ಅಥವಾ ಬೇರೆಯವ್ರ ಸಾಮಾನೂ ಇರುತ್ತಾ. ಪಾರ್ಟ್ ಲೋಡ್ ಅಗ್ಗ, ನಿಜ, ಆದ್ರೆ ಅದರಲ್ಲಿ ಸಾಮಾನು ದಾರಿಯ ಗೋಡೌನ್‌ನಲ್ಲಿ ಇಳಿದು ಇನ್ನೊಂದು ಗಾಡಿಗೆ ಏರುತ್ತೆ, ಯಾವತ್ತು ಬರುತ್ತೆ ಅನ್ನೋದೂ ಗ್ಯಾರಂಟಿ ಇಲ್ಲ. ಲಿಫ್ಟ್‌ಗೆ ಸ್ಲಾಟ್ ಇರೋರಿಗೆ ಪಾರ್ಟ್ ಲೋಡ್ ಆಗೋ ಮಾತೇ ಅಲ್ಲ ಅನ್ನೋದು ನನ್ನ ಅಭಿಪ್ರಾಯ. ನಮ್ಮ ಸಾಮಾನಿಗೆ 14 ಅಡಿ ಐಷರ್ ಲಾರಿ ಸಾಕಾಯ್ತು. ಎರಡನೇದು, ಇಳಿಸೋಕೆ ಎಷ್ಟು ಜನ. ಪ್ಯಾಕ್ ಮಾಡಿದ ಹುಡುಗ್ರು ಬೇರೆ, ಇಳಿಸೋರು ಬೇರೆ, ಎಷ್ಟೋ ಸಲ ಡ್ರೈವರ್ ಜೊತೆ ಒಬ್ನೇ ಬರ್ತಾನೆ. ಎತ್ತರದ ಬಿಲ್ಡಿಂಗ್‌ಗೆ ನಾಲ್ಕು ಜನ ಕಡ್ಡಾಯ, ಇಬ್ರು ಕೆಳಗೆ, ಇಬ್ರು ಮೇಲೆ, ಇಲ್ದಿದ್ರೆ ಹತ್ತು ನಿಮಿಷದ ಟ್ರಿಪ್ ಹದಿನೆಂಟು ಆಗುತ್ತೆ. ಮೂರನೇದು, ಹದಿನಾಲ್ಕನೇ ಮಹಡಿ, ತೊಂಬತ್ತು ಹೆಜ್ಜೆ, ಲಿಫ್ಟ್ ಟೈಮು ಇವೆಲ್ಲಾ ಕೊಟೇಶನ್‌ನಲ್ಲೇ ಬರೆದಿರ್ಬೇಕು. ನಾಲ್ಕನೇದು, ಅಡ್ವಾನ್ಸ್ ಹತ್ತು ಪರ್ಸೆಂಟ್, ಲೋಡ್ ಆದ್ಮೇಲೆ ಒಂದಿಷ್ಟು, ದೊಡ್ಡ ಪಾಲು ಮೇಲೆ ಇಳಿಸಿದ್ಮೇಲೆ.

ಅಂದ ಹಾಗೆ ಯಾರಾದ್ರೂ 'ಇ-ವೇ ಬಿಲ್ ಚಾರ್ಜ್' ಅಂತ ಸಾವಿರ ಎರಡು ಸಾವಿರ ಸೇರಿಸಿದ್ರೆ ಕೇಳಿ. ಇ-ವೇ ಬಿಲ್ ಅಂದ್ರೆ ಸರಕು ಸಾಗಿಸೋಕೆ ಜಿಎಸ್‌ಟಿಯವ್ರು ಕೇಳೋ ಪತ್ರ, ಬಳಸಿದ ಮನೆ ಸಾಮಾನಿಗೆ ಅದು ಬೇಕಾಗಿಲ್ಲ, ರೂಲ್‌ನಲ್ಲೇ ವಿನಾಯ್ತಿ ಇದೆ. ಐಟಂ ಲಿಸ್ಟು, ಇದು ನಮ್ಮ ಸ್ವಂತ ಬಳಕೆ ಸಾಮಾನು ಅಂತ ಒಂದು ಸಹಿ ಮಾಡಿದ ಪತ್ರ ಡ್ರೈವರ್ ಕೈಲಿದ್ರೆ ಆಯ್ತು.

ಇನ್ಶೂರೆನ್ಸ್ ಅಂದ್ರೆ ಯಾವ ಪೇಪರು

ಇಲ್ಲಿ ಸ್ವಲ್ಪ ನಿಧಾನಕ್ಕೆ ಓದಿ, ಜನ ಜಾಸ್ತಿ ಏಮಾರೋದು ಇಲ್ಲೇ.

ಪ್ಯಾಕರ್ 'ಇನ್ಶೂರೆನ್ಸ್ 3 ಪರ್ಸೆಂಟ್ ಸಾರ್' ಅಂತಾನೆ. ಬಿಲ್‌ನಲ್ಲಿ ಎಫ್‌ಓವಿ ಅಂತಲೋ, ಟ್ರಾನ್ಸಿಟ್ ರಿಸ್ಕ್ ಅಂತಲೋ ಬರೆದಿರುತ್ತೆ. ಬಹಳ ಸಲ ಅದು ಇನ್ಶೂರೆನ್ಸೇ ಅಲ್ಲ, ಏನಾದ್ರೂ ಆದ್ರೆ ನಾವೇ ನೋಡ್ಕೋತೀವಿ ಅನ್ನೋ ಪ್ಯಾಕರ್‌ನ ಮಾತು ಅಷ್ಟೇ. ಇನ್ಶೂರೆನ್ಸ್ ಅಂದ್ರೆ ಇನ್ಶೂರೆನ್ಸ್ ಕಂಪನಿ ಹೆಸರು, ಪಾಲಿಸಿ ನಂಬರ್, ನಿಮ್ಮ ಹೆಸರು, ಮೊತ್ತ ಇರೋ ಪೇಪರ್ ಲೋಡ್ ಆಗೋ ಮುಂಚೆ ನಿಮ್ಮ ಕೈಲಿರ್ಬೇಕು. ಕೊಡಲ್ಲ ಅಂದ್ರೆ ನೀವೇ ಯಾವ್ದಾದ್ರೂ ಜನರಲ್ ಇನ್ಶೂರೆನ್ಸ್ ಕಂಪನಿ ಆಫೀಸಲ್ಲಿ ಒಂದೇ ಸಾಗಾಟದ ಟ್ರಾನ್ಸಿಟ್ ಪಾಲಿಸಿ ಕೇಳಿ. ಅದರಲ್ಲಿ ಮುಖ್ಯವಾಗಿ ಎರಡು ಥರ. ಬಿ ಕ್ಲಾಜ್ ಅಂದ್ರೆ ಬೆಂಕಿ, ಸಿಡಿಲು, ಲಾರಿ ಡಿಕ್ಕಿ, ಪಲ್ಟಿ ಇಂಥದ್ದಕ್ಕೆ ಮಾತ್ರ. ಎ ಕ್ಲಾಜ್ ಆಲ್ ರಿಸ್ಕ್, ಪಾಲಿಸಿಯಲ್ಲಿ ಹೊರಗಿಟ್ಟಿದ್ದು ಬಿಟ್ಟು ಉಳಿದೆಲ್ಲಕ್ಕೂ. ಮನೆ ಸಾಮಾನಲ್ಲಿ ಒಡೆಯೋದು ಲೋಡಿಂಗ್ ಅನ್‌ಲೋಡಿಂಗ್‌ನಲ್ಲೇ, ಹಾಗಾಗಿ ಎ ಕೇಳಿ. ಅದರಲ್ಲೂ ಹಳೇ ಸಾಮಾನಿನ ಗೀರು, ತಗ್ಗು, ಹೊರಗೆ ಏಟೇ ಕಾಣದೇ ಟಿವಿ ಆನ್ ಆಗದೇ ಇರೋದು, ಪ್ಯಾಕಿಂಗ್ ಸರಿ ಇಲ್ದೇ ಆದ ನಷ್ಟ ಇವನ್ನ ಹೊರಗಿಟ್ಟಿರ್ತಾರೆ. ನೀವೇ ಪ್ಯಾಕ್ ಮಾಡಿದ ಡಬ್ಬಕ್ಕೂ ಕ್ಲೇಮ್ ಸಿಗೋದು ಕಷ್ಟ, ಗಾಜಿನ ಸಾಮಾನು ಅವ್ರ ಕೈಲೇ ಪ್ಯಾಕ್ ಮಾಡಿಸಿ.

ಮೊತ್ತ ಕಮ್ಮಿ ಹಾಕಿ ಪ್ರೀಮಿಯಂ ಉಳಿಸೋ ಬುದ್ಧಿ ಬೇಡ. ನಮ್ಮ ಸಾಮಾನಿನ ಇವತ್ತಿನ ಬೆಲೆ ಕೂಡಿಸಿದ್ರೆ 4 ಲಕ್ಷ ಬಂತು. ಪ್ಯಾಕರ್ ಫಾರಂನಲ್ಲಿ ಮೊದಲೇ 1 ಲಕ್ಷ ಅಂತ ತುಂಬಿದ್ದ. 28 ಸಾವಿರದ ಟಿವಿ ಪೂರ್ತಿ ಹೋಯ್ತು ಅಂದ್ಕೊಳ್ಳಿ, ನಾಲ್ಕರಲ್ಲಿ ಒಂದು ಭಾಗಕ್ಕೆ ಮಾತ್ರ ವಿಮೆ ಮಾಡಿಸಿದ್ದೀರಿ ಅಂತ 7 ಸಾವಿರ ಕೊಡ್ತಾರೆ. ಲಕ್ಷದೊಳಗೇ ಇದ್ಯಲ್ಲ ಪೂರ್ತಿ ಬರುತ್ತೆ ಅಂತ ನಾನೂ ಅಂದ್ಕೊಂಡಿದ್ದೆ, ಇಲ್ಲ. ಐಟಂವಾರು ಬೆಲೆ ಹಾಕಿದ ಲಿಸ್ಟ್ ಪಾಲಿಸಿಗೆ ಸೇರಿಸ್ಬೇಕು, ಪ್ಯಾಕ್ ಮಾಡೋ ಬೆಳಿಗ್ಗೆ ಟಿವಿ, ವಾಷಿಂಗ್ ಮಷಿನ್ ಎಲ್ಲಾ ಓಡ್ತಾ ಇರೋ ವಿಡಿಯೋ ತಗೊಂಡಿರ್ಬೇಕು.

ಇನ್ಶೂರೆನ್ಸ್ ಬೇರೆ, ಲಾರಿಯವನ ಹೊಣೆ ಬೇರೆ. 2007ರ ಕ್ಯಾರೇಜ್ ಬೈ ರೋಡ್ ಕಾಯ್ದೆ ಪ್ರಕಾರ, ಜಾಸ್ತಿ ಬೆಲೆ ಘೋಷಿಸಿ ಅದಕ್ಕೆ ಹೆಚ್ಚು ದರ ಕಟ್ಟದೇ ಇದ್ರೆ, ಸಾಗಿಸಿದವನ ಹೊಣೆ ಬಾಡಿಗೆಯ ಹತ್ತು ಪಟ್ಟಿಗೆ ನಿಲ್ಲುತ್ತೆ. ನಮ್ಮ 31 ಸಾವಿರದಲ್ಲಿ ಲಾರಿ ಬಾಡಿಗೆ ಅಂತ ಬರೆದಿದ್ದು 14 ಸಾವಿರ, ಅಂದ್ರೆ 1 ಲಕ್ಷದ 40 ಸಾವಿರ. ಅದನ್ನ ಕೇಳೋಕೂ ಬುಕಿಂಗ್ ದಿನದಿಂದ 180 ದಿನದೊಳಗೆ ಲಿಖಿತ ನೋಟಿಸ್ ಕೊಟ್ಟಿರ್ಬೇಕು. ಲಾರಿ ಹೊರಡುವಾಗ ಗಾಡಿ ನಂಬರ್ ಇರೋ ಲಾರಿ ರಸೀದಿ, ಅಂದ್ರೆ ಎಲ್‌ಆರ್ ಕಾಪಿ ಇಸ್ಕೊಂಡಿಲ್ಲ ಅಂದ್ರೆ ಇದ್ಯಾವ್ದಕ್ಕೂ ಆಧಾರವೇ ಇರಲ್ಲ. ಫೋನ್ ತೆಗೀದೇ ಇದ್ರೆ ಗ್ರಾಹಕ ಸಹಾಯವಾಣಿ 1915.

ಲೋಡ್ ಮಾಡೋ ಹಿಂದಿನ ದಿನ

ಫ್ರಿಜ್ ಒಂದು ದಿನ ಮುಂಚೆನೇ ಆಫ್ ಮಾಡಿ ಬಾಗಿಲು ತೆಗೆದಿಡಿ, ನೀರು ಪೂರ್ತಿ ಹೋಗ್ಲಿ. ಫ್ರಂಟ್ ಲೋಡ್ ವಾಷಿಂಗ್ ಮಷಿನ್ ಇದ್ರೆ ತಗೊಂಡಾಗ ಹಿಂದೆ ಬಿಚ್ಚಿ ಇಟ್ಟಿದ್ದ ಉದ್ದ ಬೋಲ್ಟ್‌ಗಳು ಬೇಕು, ಅವು ಡ್ರಮ್ಮನ್ನ ಅಲ್ಲಾಡದ ಹಾಗೆ ಹಿಡಿಯುತ್ತೆ, ಘಾಟಿ ರಸ್ತೆಯಲ್ಲಿ ಅದಿಲ್ದೇ ಬಂದ್ರೆ ಒಳಗಿನ ಸಸ್ಪೆನ್ಷನ್ ಹೋಗುತ್ತೆ. ಗ್ಯಾಸ್ ಸಿಲಿಂಡರ್ ಲಾರಿಗೆ ಹಾಕ್ಬೇಡಿ, ಏಜೆನ್ಸಿಗೆ ಸಿಲಿಂಡರ್, ರೆಗ್ಯುಲೇಟರ್ ಒಪ್ಪಿಸಿ ಟರ್ಮಿನೇಶನ್ ವೋಚರ್ ತಗೊಳ್ಳಿ, ಅದನ್ನ ತೋರಿಸಿ ಹೊಸ ಊರಲ್ಲಿ ಕನೆಕ್ಷನ್ ತಗೋಬಹುದು. ಚಿನ್ನ, ಕಾಗದಪತ್ರ, ಉಪ್ಪಿನಕಾಯಿ ಭರಣಿ ಮೂರೂ ನಿಮ್ಮ ಜೊತೆ ಕಾರಲ್ಲಿ. ಭರಣಿ ಯಾಕೆ ಅಂದ್ರೆ ಮೊದಲ ಸಲ ಒಂದು ಒಡೆದು ಪುಸ್ತಕದ ಡಬ್ಬಕ್ಕೆ ಎಣ್ಣೆ ಇಳಿದಿತ್ತು, ಇವತ್ತಿಗೂ ಮಗಳ ಅಟ್ಲಾಸ್ ಮಾವಿನಮಿಡಿ ವಾಸನೆ ಹೊಡೆಯುತ್ತೆ.

ಪ್ರತಿ ಡಬ್ಬಕ್ಕೂ ನಂಬರ್, ಯಾವ ರೂಮು ಅಂತ ಬರೆಸಿ. ಮಂಚದ ಸ್ಕ್ರೂ, ನಟ್ಟು ಎಲ್ಲಾ ಒಂದು ಕವರ್‌ಗೆ ಹಾಕಿ ಮಂಚದ ಹಲಗೆಗೇ ಟೇಪ್ ಹೊಡೀರಿ.

ಇಳಿಸೋ ದಿನ

ಲಾರಿ ಹತ್ತೂ ಇಪ್ಪತ್ತಕ್ಕೆ ಗೇಟಿಗೆ ಬಂತು. ಮೊದ್ಲು ಮಾಡಿದ್ದು ಲಿಫ್ಟ್ ಒಳಗೆ ಮೂಲೆ ಮೂಲೆ ವಿಡಿಯೋ, ಮೊದ್ಲೇ ಇದ್ದ ಗೀರು ನಮ್ಮ ಲೆಕ್ಕಕ್ಕೆ ಬರ್ಬಾರ್ದಲ್ಲ. ಭಾರದ ಸಾಮಾನು ಡ್ರೈವರ್ ಕ್ಯಾಬಿನ್ ಕಡೆ ಹಾಕೋದು ಅವ್ರ ಪದ್ಧತಿ, ಅದು ಸರಿನೂ ಹೌದು, ಆದ್ರೆ ಇಳಿಸುವಾಗ ಮೊದ್ಲು ಕೈಗೆ ಸಿಗೋದು ಡಬ್ಬಗಳು. ಅವನ್ನ ಸಿಕ್ಕ ಸಿಕ್ಕ ಹಾಗೆ ಮೇಲೆ ಕಳಿಸೋಕೆ ಬಿಡಬೇಡಿ. ಡಬ್ಬಗಳನ್ನ ಮಳೆ ಬೀಳದ ಕಡೆ ಲಾಬಿಯಲ್ಲಿ ಒಟ್ಟಿ, ಫ್ರಿಜ್, ಬೀರು, ಮಂಚ, ಹಾಸಿಗೆ ಮೊದ್ಲು ಮೇಲೆ. ಐದು ಗಂಟೆಗೆ ಲಿಫ್ಟ್ ನಿಂತ್ರೂ ಉಳಿಯೋದು ಡಬ್ಬ ಮಾತ್ರ, ಅದನ್ನ ಒಂದೊಂದಾಗಿ ನೀವೇ ತಗೊಂಡು ಹೋಗಬಹುದು. ಹುಡುಗ್ರ ಕೈಯಲ್ಲಿ ಶಕ್ತಿ ಇರೋದೂ ಬೆಳಿಗ್ಗೇನೇ. ನಾನು ಕೆಳಗೆ ನಂಬರ್ ಟಿಕ್ ಮಾಡ್ತಾ ನಿಂತೆ, ನಮ್ಮನೆಯವ್ರು ಮೇಲೆ ಯಾವ ರೂಮಿಗೆ ಅಂತ ತೋರಿಸ್ತಾ ನಿಂತ್ರು. ಲಿಫ್ಟ್ ಬಾಗಿಲು ಮುಚ್ಚದ ಹಾಗೆ ಡಬ್ಬ ಅಡ್ಡ ಇಡೋಕೆ ಹೋದ್ರು ಒಬ್ರು, ತಡೆದೆ, ಸೆನ್ಸರ್ ಕೆಟ್ಟು ಲಿಫ್ಟ್ ನಿಂತ್ರೆ ಆ ದಿನವೇ ಮುಗೀತು. ಬಾಗಿಲು ಹಿಡಿದಿಡೋ ಸ್ವಿಚ್ ಕೀ ಸೆಕ್ಯೂರಿಟಿ ಹತ್ರ ಇರುತ್ತೆ, ಕೇಳಿ.

ಮೂರೂ ಮುಕ್ಕಾಲಿಗೆ ಕೊನೇ ಟ್ರಿಪ್ ಹೋಯ್ತು. 41ನೇ ನಂಬರ್ ಡಬ್ಬದ ತಳ ಒದ್ದೆ, ಇಂಡಕ್ಷನ್ ಒಲೆಯ ಗಾಜು ಸೀಳು ಬಿಟ್ಟಿತ್ತು. ಮೇಸ್ತ್ರಿ ಎಲ್‌ಆರ್ ಮುಂದಿಟ್ಟು 'ಸಾರ್ ಇಲ್ಲೊಂದು ಸೈನ್' ಅಂದ. ಆ ಪೇಪರ್‌ನಲ್ಲಿ ಸಾಮಾನು ಸುಸ್ಥಿತಿಯಲ್ಲಿ ಬಂದಿದೆ ಅಂತ ಮೊದಲೇ ಅಚ್ಚಾಗಿರುತ್ತೆ. ನಾನು ಸೈನ್ ಮಾಡೋ ಮುಂಚೆ ಅದರ ಮೇಲೇನೇ 'ಡಬ್ಬ 41 ಒದ್ದೆ, ಇಂಡಕ್ಷನ್ ಗಾಜು ಒಡೆದಿದೆ, ಉಳಿದ ಡಬ್ಬ ತೆರೆದು ನೋಡಿಲ್ಲ' ಅಂತ ಬರೆದೆ, ಡ್ರೈವರ್ ಸಹಿ ಹಾಕಿಸಿ ಫೋಟೋ ತಗೊಂಡೆ. ಅವನಿಗೆ ಇಷ್ಟ ಆಗ್ಲಿಲ್ಲ, ಆದ್ರೆ ಬಾಕಿ ದುಡ್ಡು ಇನ್ನೂ ನನ್ನ ಕೈಲೇ ಇತ್ತಲ್ಲ. ಅವತ್ತೇ ಸಂಜೆ ಇನ್ಶೂರೆನ್ಸ್‌ನವ್ರಿಗೂ ಪ್ಯಾಕರ್‌ಗೂ ಮೇಲ್ ಹಾಕಿದೆ, ಒಡೆದಿದ್ದನ್ನ ಎಸೀದೇ, ರಿಪೇರಿಗೂ ಕೊಡದೇ, ಡಬ್ಬದ ಸಮೇತ ಇಟ್ಕೊಂಡೆ, ನಷ್ಟ ನೋಡೋಕೆ ಬರೋ ಇನ್ಶೂರೆನ್ಸ್ ಸರ್ವೇಯರ್ ಕೇಳೋದು ಅದನ್ನೇ. ಫ್ರಿಜ್ ಮಾತ್ರ ರಾತ್ರಿ ಊಟ ಆದ್ಮೇಲೇ ಆನ್ ಮಾಡಿದ್ವಿ, ದಾರೀಲಿ ವಾಲಿರ್ಬಹುದು, ಕಂಪ್ರೆಸರ್ ಎಣ್ಣೆ ಕೆಳಗಿಳಿಯೋಕೆ ಕೆಲವು ಗಂಟೆ ಬಿಡ್ಬೇಕು.

ಲಾರಿ ಹೋದ್ಮೇಲೆ ಲಿಫ್ಟ್‌ನ ಇನ್ನೊಂದು ವಿಡಿಯೋ ತಗೊಂಡು, ಎರಡನ್ನೂ ಅಸೋಸಿಯೇಶನ್ ಮ್ಯಾನೇಜರ್‌ಗೆ ಕಳಿಸಿದೆ. ಹನ್ನೆರಡು ದಿನಕ್ಕೆ ಡೆಪಾಸಿಟ್ ವಾಪಸ್ ಬಂತು, ಲಾಬಿಯಲ್ಲಿ ಬಿದ್ದಿದ್ದ ಥರ್ಮಾಕೋಲ್ ಗುಡಿಸಿದ್ದಕ್ಕೆ ಇನ್ನೂರು ಮುರ್ಕೊಂಡು.